ನೂರರಲ್ಲಿ ಮೂರು ಸೀರಿಯಂ

ವಿದ್ಯುತ್ತು ಬಾರದಿದ್ದ ಊರುಗಳಲ್ಲಿ ಮದುವೆಯ ಚಪ್ಪರಕ್ಕೂ ಯಕ್ಷಗಾನದ ರಂಗಸ್ಥಳಕ್ಕೂ ಇರುಳೆಲ್ಲ ಬೆಳಕನ್ನೀಯುತ್ತಿದ್ದ ಗ್ಯಾಸ್‌ಲೈಟನ್ನು ಕಂಡವರಿಗೆ, ಅದರ ಗಾಜಿನೊಳಗೆ ತೂಗುತ್ತಿದ್ದ ಮ್ಯಾಂಟಲ್ ಎಂಬ ಬಿಳಿಯ ಬಲೆಯೂ ನೆನಪಿರಬಹುದು. ಒಮ್ಮೆ ಉರಿದಮೇಲೆ ಬೆರಳು ತಾಗಿದರೆ ಪುಡಿಯಾಗಿ ಉದುರುವಷ್ಟು ಕೋಮಲವಾಗುತ್ತಿದ್ದ ಆ ಬೂದಿಯಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡೂ ಒಂದೇ ಒಂದು ಪಾಲು ಸೀರಿಯಂ ಆಕ್ಸೈಡೂ ಇರುತ್ತಿದ್ದವು. ಆ ಒಂದು ಪಾಲನ್ನು ಬಿಟ್ಟರೆ ದೀಪವು ಮಂಕು. ಅದನ್ನು ಐದೋ ಹತ್ತೋ ಪಾಲಿಗೆ ಏರಿಸಿದರೂ ದೀಪವು ಮಂಕೇ. ಆಸ್ಟ್ರಿಯದ ಆಯರ್ ಫಾನ್ ವೆಲ್ಸ್‌ಬಾಕ್ 1891ರಲ್ಲಿ ಈ ಮಿತಿಯನ್ನು ಕಂಡುಕೊಂಡನು. ಈಗ ಗ್ಯಾಸ್‌ಲೈಟುಗಳ ಕಾಲವು ಮುಗಿದು ಎಲ್‌ಇಡಿ ಬಲ್ಬುಗಳ ಕಾಲವು ಬಂದಿರುವಾಗ, ನಮ್ಮ ಮನೆಗಳನ್ನು ಬೆಳಗುವ ಹೊಣೆಯು ಮತ್ತೆ ಅದೇ ಸೀರಿಯಮ್ಮಿನ ಪಾಲಿಗೆ ಬಂದಿದೆಯೆಂಬುದೂ, ಈ ಸಲವೂ ಅದು ಮಿತವಾಗಿದ್ದರೆ ಮಾತ್ರ ಬೆಳಗುತ್ತದೆಯೆಂಬುದೂ ನನಗೆ ಎಂದಿಗೂ ಹಳತಾಗದ ಸೋಜಿಗ. ಎರಡರ ಕಾರಣಗಳು ಮಾತ್ರ ಬೇರೆ. ಮ್ಯಾಂಟಲ್ ಕಾದು ಬೆಳಗುವ ವಸ್ತು, ಅಲ್ಲಿ ಸೀರಿಯಂ ಹೆಚ್ಚಾದರೆ ಕಣ್ಣಿಗೆ ಕಾಣದ ಶಾಖಕಿರಣಗಳ ರೂಪದಲ್ಲಿ ಶಕ್ತಿಯು ಸೋರಿ ಬಲೆಯು ತಣಿಯುತ್ತದೆ. ಎಲ್‌ಇಡಿಯಲ್ಲಿ ಸೀರಿಯಂ ಕಾಯದೆಯೇ ಬೆಳಗುತ್ತದೆ, ಮತ್ತು ಅಲ್ಲಿ ಅದು ನಂದುವುದು ತನ್ನದೇ ನೆರೆಹೊರೆಯ ದೆಸೆಯಿಂದ.

ಕೆಟ್ಟುಹೋದ ಎಲ್‌ಇಡಿ ಬಲ್ಬೊಂದರ ಬಿಳಿಯ ಮುಚ್ಚಳವನ್ನು ತಿರುವಿ ತೆಗೆದು ಒಳಗೆ ನೋಡಿದರೆ, ಲೋಹದ ಬಿಲ್ಲೆಯ ಮೇಲೆ ಸಾಲಾಗಿ ಅಂಟಿಸಿದ ಪುಟ್ಟಪುಟ್ಟ ಚೌಕಗಳೂ ಪ್ರತಿಯೊಂದರ ನಡುವೆ ನಿಂಬೆಹಣ್ಣಿನ ಬಣ್ಣದ ಹಳದಿಯ ಬೊಟ್ಟೂ ಕಾಣುತ್ತವೆ. ಆ ಬೊಟ್ಟಿನ ಅಡಿಯಲ್ಲಿ ಅಡಗಿರುವುದು ಗ್ಯಾಲಿಯಂ ನೈಟ್ರೈಡಿನ ಬಳಗಕ್ಕೆ ಸೇರಿದ ಒಂದು ಚಿಪ್. ಅದು ಬಿಡುವುದು 450 ನ್ಯಾನೊಮೀಟರ್ ಅಲೆಯುದ್ದದ ಆಸುಪಾಸಿನ ನೀಲಿಯ ಬೆಳಕನ್ನೇ ಹೊರತು ಬಿಳಿಯದನ್ನಲ್ಲ. ನೀಲಿಯಲ್ಲಿ ಒಂದಷ್ಟು ಹಾಗೆಯೇ ಹೊರಗೆ ಬರುತ್ತದೆ, ಮಿಕ್ಕುದನ್ನು ಹಳದಿಯ ಪುಡಿಯು ಕುಡಿದು ಹಳದಿಯಾಗಿ ಮರಳಿಸುತ್ತದೆ, ಎರಡೂ ಕೂಡಿ ಕಣ್ಣಿಗೆ ಬಿಳುಪೆನಿಸುತ್ತವೆ. ಪ್ರಖರವಾದ ನೀಲಿ ಎಲ್‌ಇಡಿಯು ಜಪಾನಿನಲ್ಲಿ 1993ರಲ್ಲಿ ಮಾರುಕಟ್ಟೆಗೆ ಬಂದಿತು. ಅದನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ, ನಾಕಮುರ ಎಂಬ ಮೂವರಿಗೆ 2014ರ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಆ ನೀಲಿಯನ್ನು ಬಿಳಿಯಾಗಿಸುವ ಹಳದಿಯ ಪುಡಿಯು ಅದಕ್ಕೂ ಮೊದಲೇ ಸಿದ್ಧವಾಗಿ ಕಾಯುತ್ತಿತ್ತು. ಹಾಲೆಂಡಿನ ಬ್ಲಾಸ್ ಮತ್ತು ಬ್ರಿಲ್ ಎಂಬ ವಿಜ್ಞಾನಿಗಳು 1967ರಲ್ಲಿ, ಬಣ್ಣದ ಟೆಲಿವಿಷನ್ನಿಗೆ ಸಂಬಂಧಿಸಿದ ಒಂದು ಬಗೆಯ ಕಿರಣನಳಿಗೆಗಾಗಿ ಅದನ್ನು ವರ್ಣಿಸಿದ್ದರು. ಮನೆಯ ದೀಪವಾಗುವುದೆಂಬ ಎಣಿಕೆ ಆಗ ಅದಕ್ಕಿರಲಿಲ್ಲ.

ಇಂಥ ಪುಡಿಗೆ ಫಾಸ್ಫರ್ ಎಂದು ಹೆಸರು. ಇದರ ಆತಿಥೇಯ ಸ್ಫಟಿಕವು ಇಟ್ರಿಯಂ, ಅಲ್ಯೂಮಿನಿಯಂ, ಆಕ್ಸಿಜನ್ನುಗಳಿಂದಾದ ಗಾರ್ನೆಟ್. ನವರತ್ನಗಳಲ್ಲೊಂದಾದ ಗೋಮೇಧಿಕವೂ ಇದೇ ರಚನೆಯ ಕುಲದ್ದು. ಶುದ್ಧವಾದ ಇಟ್ರಿಯಂ ಗಾರ್ನೆಟ್ಟಿಗೆ ಬಣ್ಣವಿಲ್ಲ, ನೀಲಿ ಬೆಳಕಿಗೆ ಅದು ಓಗೊಡುವುದೂ ಇಲ್ಲ. ಇಟ್ರಿಯಮ್ಮಿನ ಕೆಲವು ಪೀಠಗಳಲ್ಲಿ ವಿರಳ ಭಸ್ಮ ಧಾತುಗಳಲ್ಲೊಂದಾದ ಸೀರಿಯಮ್ಮಿನ ಅಯಾನುಗಳನ್ನು ಕೂರಿಸಿದಾಗಲೇ ಅದು ಹಳದಿಯಾಗುವುದು. ಮೂರು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಸೀರಿಯಂ ಅಯಾನಿನ 4f ಕಕ್ಷೆಯಲ್ಲಿ ಉಳಿಯುವುದು ಒಂದೇ ಇಲೆಕ್ಟ್ರಾನು. ಒಳಗೆ ಅವಿತಿರುವ ಅದು ನೀಲಿಯ ಫೋಟಾನೊಂದನ್ನು ನುಂಗಿ ಹೊರವಲಯದ 5d ಕಕ್ಷೆಗೆ ಏರುತ್ತದೆ. ಅಲ್ಲಿ ಸುತ್ತಣ ಆಕ್ಸಿಜನ್ನುಗಳ ನಡುವೆ ತನ್ನ ಇರವನ್ನು ಹೊಂದಿಸಿಕೊಳ್ಳುವಷ್ಟರಲ್ಲಿ ಶಕ್ತಿಯ ಒಂದಂಶವನ್ನು ಸ್ಫಟಿಕದ ಕಂಪನಕ್ಕೆ ತೆತ್ತು, ಸರಾಸರಿ 65 ನ್ಯಾನೊಸೆಕೆಂಡುಗಳ ಬಳಿಕ ಕೆಳಗಿಳಿಯುವಾಗ ಮಿಕ್ಕ ಶಕ್ತಿಯನ್ನು ಹಳದಿಯ ಬೆಳಕಾಗಿ ಕೊಡುತ್ತದೆ. ನೀಲಿ ಫೋಟಾನಿನ ಶಕ್ತಿಯು 2.76 ಇಲೆಕ್ಟ್ರಾನ್ ವೋಲ್ಟ್, ಹೊರಬರುವ ಹಳದಿಯದು ಸುಮಾರು 2.25, ಉಳಿದುದು ಶಾಖವಾಗಿ ಹೋಯಿತು. ಇದು ತಪ್ಪಿಸಲಾಗದ ತೆರಿಗೆ. ಮುಂದೆ ಹೇಳಹೊರಟ ನಷ್ಟವು ಇದಕ್ಕಿಂತ ಬೇರೆಯಾದುದು, ಮತ್ತು ಅದನ್ನು ತಪ್ಪಿಸಬಹುದು.

ಪುಡಿಯನ್ನು ಮಾಡುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡೋಣ. ನೂರು ಇಟ್ರಿಯಂ ಪೀಠಗಳಲ್ಲಿ ಮೂರನ್ನು ಸೀರಿಯಮ್ಮಿಗೆ ಬಿಟ್ಟುಕೊಡುವುದಾದರೆ ವಸ್ತುವಿನ ಸೂತ್ರವು Y2.91Ce0.09Al5O12 ಎಂದಾಗುತ್ತದೆ. ಸುಮಾರು ಆರು ಗ್ರಾಂ ಪುಡಿಗೆ 3.29 ಗ್ರಾಂ ಇಟ್ರಿಯಂ ಆಕ್ಸೈಡು, 2.55 ಗ್ರಾಂ ಅಲ್ಯೂಮಿನ, ಮತ್ತು ಕೇವಲ 0.155 ಗ್ರಾಂ ಸೀರಿಯಂ ಆಕ್ಸೈಡು ಬೇಕು. ತಕ್ಕಡಿಯ ಕಾಗದದ ಮೇಲೆ ಈ ಕೊನೆಯದು ಒಂದು ಚಿಟಿಕೆ ಉಪ್ಪಿನಷ್ಟೂ ಕಾಣದು. ಮೂರನ್ನೂ ಅಗೇಟ್ ಕಲ್ಲಿನ ಕಲ್ವದಲ್ಲಿ ಹಾಕಿ, ಕಣಗಳು ಬೆರೆಯಲು ನೆರವಾಗುವ ಬೇರಿಯಂ ಫ್ಲೋರೈಡನ್ನು ಸ್ವಲ್ಪ ಸೇರಿಸಿ, ತಾಸುಗಟ್ಟಲೆ ಅರೆದು, 1500 ಡಿಗ್ರಿ ಸೆಲ್ಸಿಯಸ್ಸಿನ ಕುಲುಮೆಯಲ್ಲಿಡುತ್ತಾರೆ. ಕುಲುಮೆಯೊಳಗೆ ಗಾಳಿಯಿರಬಾರದು, ನೈಟ್ರೊಜನ್ನಿನಲ್ಲಿ ಕೊಂಚ ಹೈಡ್ರೊಜನ್ ಬೆರೆತ ಅನಿಲವು ಹರಿಯುತ್ತಿರಬೇಕು. ಏಕೆಂದರೆ ಆಕ್ಸೈಡಿನಲ್ಲಿರುವ ಸೀರಿಯಂ ನಾಲ್ಕು ಇಲೆಕ್ಟ್ರಾನುಗಳನ್ನು ಕಳೆದುಕೊಂಡಿರುವ ಬಗೆಯದು. ಅದಕ್ಕೆ 4f ಕಕ್ಷೆಯಲ್ಲಿ ಏರಿಳಿಯಲು ಇಲೆಕ್ಟ್ರಾನೇ ಇಲ್ಲವಾದುದರಿಂದ ಅದು ಬೆಳಗಲಾರದು. ಹೈಡ್ರೊಜನ್ ಅದಕ್ಕೆ ಒಂದು ಇಲೆಕ್ಟ್ರಾನನ್ನು ಮರಳಿ ದೊರಕಿಸುತ್ತದೆ. ಹೊರತೆಗೆದ ಪುಡಿಯು ಹಗಲ ಬೆಳಕಿನಲ್ಲಿ ಹಳದಿ. ಕತ್ತಲೆಯ ಕೋಣೆಯಲ್ಲಿ ನೀಲಿಯ ಟಾರ್ಚನ್ನು ಅದರ ಮೇಲೆ ಬಿಟ್ಟರೆ ಬಟ್ಟಲೇ ಹೊತ್ತಿಕೊಂಡಂತೆ ಥಳಥಳಿಸುತ್ತದೆ.

ಇಷ್ಟು ಕಂಡ ಯಾರಿಗಾದರೂ ಒಂದು ಪ್ರಶ್ನೆ ಹುಟ್ಟದೆ ಇರದು: ಬೆಳಗುವುದು ಸೀರಿಯಂ ಎಂದಮೇಲೆ, ನೂರರಲ್ಲಿ ಮೂರೇ ಪೀಠಗಳನ್ನು ಅದಕ್ಕೆ ಕೊಡುವ ಜಿಪುಣತನವೇಕೆ? ಹತ್ತನ್ನು ಕೊಟ್ಟು ನೋಡಿದರೆ ಪುಡಿಯ ಹಳದಿಯು ಗಾಢವಾಗುತ್ತದೆ, ಆದರೆ ಟಾರ್ಚಿನ ಕೆಳಗೆ ಅದು ಮೂರರದಕ್ಕಿಂತ ಮಂಕಾಗಿ ತೋರುತ್ತದೆ. ಬೆಳಗುವ ಅಯಾನುಗಳ ಸಾರತೆಯು ಹೆಚ್ಚಿದಂತೆ ಬೆಳಕು ಕುಗ್ಗುವ ಈ ವಿದ್ಯಮಾನವನ್ನು ಸಾರತೆಯ ನಂದಿಕೆ ಎಂದು ಕರೆಯೋಣ.

ಇದರ ಮೂಲವನ್ನು ಅರಿಯಲು ಶಕ್ತಿಯು ಒಂದು ಅಯಾನಿನಿಂದ ಇನ್ನೊಂದಕ್ಕೆ ಸಾಗುವ ಬಗೆಯನ್ನು ಅರಿಯಬೇಕು. ಒಂದೇ ಸ್ವರಕ್ಕೆ ಶ್ರುತಿ ಮಾಡಿದ ತಂಬೂರಿಯ ಎರಡು ತಂತಿಗಳಲ್ಲಿ ಒಂದರ ಮೇಲೆ ಕಾಗದದ ಚೂರನ್ನಿಟ್ಟು ಇನ್ನೊಂದನ್ನು ಮೀಟಿದರೆ ಕಾಗದವು ಕುಣಿಯುತ್ತದೆ. ಶ್ರುತಿಯು ಕೂಡದಿದ್ದರೆ ಕುಣಿಯದು. ಉದ್ರೇಕಗೊಂಡ ಅಯಾನು ತಾನು ಬೆಳಗುವ ಮೊದಲೇ, ತನ್ನಂತೆಯೇ ಶ್ರುತಿಗೊಂಡ ನೆರೆಯ ಅಯಾನಿಗೆ ತನ್ನ ಶಕ್ತಿಯನ್ನು ಇಡಿಯಾಗಿ ದಾಟಿಸಬಲ್ಲದು. ಇಲ್ಲಿ ನಡುವೆ ಫೋಟಾನು ಹೊರಟು ಹೋಗಿ ಸೇರುವುದಿಲ್ಲ. ಒಂದರ ವಿದ್ಯುತ್ ಕ್ಷೇತ್ರದ ತೂಗಾಟವೇ ಇನ್ನೊಂದನ್ನು ನೇರವಾಗಿ ತೂಗಿಸುತ್ತದೆ. ಜರ್ಮನಿಯ ಫೋರ್ಸ್ಟರ್ 1948ರಲ್ಲಿ ಇದರ ಗಣಿತವನ್ನು ಕೊಟ್ಟನು, ಅಮೆರಿಕದ ಡೆಕ್ಸ್‌ಟರ್ 1953ರಲ್ಲಿ ಅದನ್ನು ಘನವಸ್ತುಗಳಲ್ಲಿರುವ ಅಯಾನುಗಳಿಗೆ ವಿಸ್ತರಿಸಿದನು. ದಾಟುವಿಕೆಗೆ ಎರಡು ಕರಾರುಗಳು. ಕೊಡುವ ಅಯಾನಿನ ಹೊರಸೂಸುವ ವರ್ಣಪಟಲವೂ ಕೊಳ್ಳುವ ಅಯಾನಿನ ಹೀರುವ ವರ್ಣಪಟಲವೂ ಒಂದರ ಮೇಲೊಂದು ಒರಗಿರಬೇಕು, ಇದೇ ಶ್ರುತಿ. ಎರಡನೆಯದಾಗಿ, ಅವುಗಳ ನಡುವಣ ದೂರವು ಕಿರಿದಾಗಿರಬೇಕು. ಸಾಮಾನ್ಯವಾದ ಪ್ರಸಂಗದಲ್ಲಿ ದಾಟುವಿಕೆಯ ವೇಗವು ದೂರದ ಆರನೆಯ ಘಾತಕ್ಕೆ ವಿಲೋಮವಾಗಿರುತ್ತದೆ, ಎಂದರೆ ದೂರವು ಇಮ್ಮಡಿಯಾದರೆ ವೇಗವು 64ರಲ್ಲಿ ಒಂದು ಪಾಲಿಗೆ ಇಳಿದುಹೋಗುತ್ತದೆ.

ಶಕ್ತಿಯು ಒಂದು ಸೀರಿಯಮ್ಮಿನಿಂದ ಇನ್ನೊಂದಕ್ಕೆ ದಾಟಿದರೆ ಕೆಟ್ಟುದೇನು, ಬೆಳಗುವುದು ಅದೂ ಸೀರಿಯಮ್ಮೇ ಅಲ್ಲವೆ ಎಂದು ಕೇಳಬಹುದು. ಮಾತು ನಿಜ, ದಾಟುವಿಕೆಯೊಂದರಿಂದಲೇ ನಷ್ಟವಿಲ್ಲ. ಆದರೆ ಯಾವ ಸ್ಫಟಿಕವೂ ನಿರ್ದೋಷವಲ್ಲ: ಕಚ್ಚಾವಸ್ತುವಿನೊಡನೆ ಬಂದ ಕಬ್ಬಿಣದ ಲವಲೇಶ, ಕುಲುಮೆಯಲ್ಲಿ ಪರಿವರ್ತನೆಯಾಗದೆ ಉಳಿದ ನಾಲ್ಕರ ಸೀರಿಯಂ, ಅಲ್ಯೂಮಿನಿಯಮ್ಮಿನ ಪೀಠದಲ್ಲಿ ತಪ್ಪಿ ಕುಳಿತ ಇಟ್ರಿಯಂ, ಕಣದ ಹೊರಮೈಯಲ್ಲಿ ತುಂಡಾದ ಬಂಧಗಳು, ಇವೆಲ್ಲವೂ ಶಕ್ತಿಯನ್ನು ನುಂಗಿ ಬೆಳಕನ್ನೀಯದೆ ಶಾಖವಾಗಿ ಕಳೆಯುವ ಬಾವಿಗಳು. ಸೀರಿಯಂ ವಿರಳವಾಗಿದ್ದಾಗ ಉದ್ರೇಕಗೊಂಡ ಪ್ರತಿಯೊಂದು ಅಯಾನೂ ಒಂಟಿಮನೆಯಲ್ಲಿದ್ದಂತೆ. ಬಾವಿಯು ಅದರ ಬಾಗಿಲಲ್ಲೇ ಇದ್ದರೆ ಮಾತ್ರ ಕೇಡು. ಸೀರಿಯಂ ದಟ್ಟವಾದಾಗ ಶಕ್ತಿಯು ಮನೆಯಿಂದ ಮನೆಗೆ ಅಲೆಯತೊಡಗುತ್ತದೆ, ಅಲೆಯುವ ಹಾದಿಯು ಉದ್ದವಾದಷ್ಟೂ ಯಾವುದಾದರೊಂದು ಬಾವಿಯ ಬಳಿ ಅದು ಹಾಯುವ ಸಂಭವವು ಬೆಳೆಯುತ್ತದೆ. ಬಾವಿಗಳ ಸಂಖ್ಯೆಯು ಏರದಿದ್ದರೂ ಬಲಿಗಳ ಸಂಖ್ಯೆಯು ಏರುವುದು ಹೀಗೆ.

ನೂರಕ್ಕೆ ಮೂರು ಎಂಬುದು ಎಷ್ಟು ದಟ್ಟಣೆಯೆಂಬುದನ್ನು ಲೆಕ್ಕ ಹಾಕಿ ನೋಡೋಣ. ಗಾರ್ನೆಟ್ಟಿನ ಮೂಲಘನದ ಅಂಚು 1.2 ನ್ಯಾನೊಮೀಟರ್, ಗಾತ್ರವು 1.728 ಘನ ನ್ಯಾನೊಮೀಟರ್, ಅದರೊಳಗೆ ಇಟ್ರಿಯಮ್ಮಿನ ಪೀಠಗಳು 24. ನೂರಕ್ಕೆ ಮೂರರಂತೆ ಒಂದು ಘನಕ್ಕೆ 0.72 ಸೀರಿಯಂ ಬೀಳುತ್ತದೆ, ಆದಕಾರಣ ಒಂದೊಂದು ಸೀರಿಯಮ್ಮಿಗೆ ದೊರೆಯುವ ಅವಕಾಶವು 2.4 ಘನ ನ್ಯಾನೊಮೀಟರ್. ಅಷ್ಟು ಗಾತ್ರದ ಗೋಲದ ವ್ಯಾಸವೇ ನೆರೆಯ ಸೀರಿಯಮ್ಮಿಗಿರುವ ಸರಾಸರಿ ದೂರವೆಂದು ಬ್ಲಾಸ್ ತೋರಿಸಿದ ಕ್ರಮದಂತೆ ಎಣಿಸಿದರೆ 1.66 ನ್ಯಾನೊಮೀಟರ್ ಬರುತ್ತದೆ. ಪ್ರಮಾಣವನ್ನು ಹತ್ತಕ್ಕೆ ಏರಿಸಿದಾಗ ಈ ದೂರವು 1.11ಕ್ಕೆ ಇಳಿಯುತ್ತದೆ. ಇಳಿದುದು ಮೂರರಲ್ಲಿ ಒಂದು ಪಾಲು ಮಾತ್ರ, ಆದರೆ ಆರನೆಯ ಘಾತದ ನಿಯಮವಿರುವುದರಿಂದ ದಾಟುವಿಕೆಯ ವೇಗವು ಹನ್ನೊಂದು ಪಟ್ಟು ಹೆಚ್ಚುತ್ತದೆ. ತನ್ನ 65 ನ್ಯಾನೊಸೆಕೆಂಡುಗಳ ಬಾಳಿನಲ್ಲಿ ಒಂದು ಸಲ ದಾಟುತ್ತಿದ್ದ ಶಕ್ತಿಯು ಈಗ ಹನ್ನೊಂದು ಸಲ ದಾಟುವುದೆಂದಾಯಿತು.

ಸರಾಸರಿಯ ಲೆಕ್ಕವು ಪೂರ್ತಿ ಸತ್ಯವನ್ನು ಹೇಳುವುದಿಲ್ಲವೆಂಬುದನ್ನೂ ಇಲ್ಲಿಯೇ ನುಡಿಯಬೇಕು. ಪ್ರಬಂಧದ ಮೇಲೆ ಪ್ರಬಂಧದಲ್ಲಿ ಈ ಸೂತ್ರಕ್ಕೆ ಅಂಕಿಗಳನ್ನು ತುಂಬಿ, ಬಂದ ಉತ್ತರವನ್ನು ಅಳೆದು ಕಂಡುದೆಂಬಂತೆ ಬರೆದಿಡುವ ರೂಢಿಯನ್ನು ನಾನು ಒಪ್ಪಲಾರೆ. ಸೀರಿಯಂ ಅಯಾನುಗಳು ಅಳೆದು ನೆಟ್ಟ ಅಡಕೆಯ ಸಸಿಗಳಂತೆ ಸಮದೂರದಲ್ಲಿ ನಿಂತಿರುವುದಿಲ್ಲ, ಎರಚಿದ ಬೀಜದಂತೆ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಗಾರ್ನೆಟ್ಟಿನ ಪ್ರತಿ ಇಟ್ರಿಯಂ ಪೀಠಕ್ಕೂ 0.37 ನ್ಯಾನೊಮೀಟರ್ ದೂರದಲ್ಲಿ ನಾಲ್ಕು ಒತ್ತಿನ ಪೀಠಗಳಿವೆ. ನೂರಕ್ಕೆ ಮೂರರ ಪುಡಿಯಲ್ಲಿ ಆ ನಾಲ್ಕರಲ್ಲಿ ಒಂದರಲ್ಲಾದರೂ ಇನ್ನೊಂದು ಸೀರಿಯಂ ಕುಳಿತಿರುವ ಸಂಭವವನ್ನು ಎಣಿಸಿದರೆ ನೂರಕ್ಕೆ ಹನ್ನೊಂದೂವರೆ. ಎಂದರೆ ಸುಮಾರು ಒಂಬತ್ತು ಸೀರಿಯಮ್ಮುಗಳಲ್ಲಿ ಒಂದಕ್ಕೆ ಪಕ್ಕದಲ್ಲೇ ಜೊತೆಗಾರನಿದ್ದಾನೆ. ಇದಲ್ಲದೆ ಸೀರಿಯಂ ಅಯಾನು ಇಟ್ರಿಯಮ್ಮಿಗಿಂತ ಮೈಯಲ್ಲಿ ದೊಡ್ಡದು; ಸ್ಫಟಿಕವು ಅದನ್ನು ಸಂಕೋಚದಿಂದಲೇ ಒಳಗೆ ಕರೆದುಕೊಳ್ಳುತ್ತದೆ, ಹೆಚ್ಚಾದುದನ್ನು ಕಣಗಳ ಅಂಚಿಗೆ ತಳ್ಳುತ್ತದೆ. ಅರೆಯುವ ಕೆಲಸದಲ್ಲಿ ಸೋಮಾರಿತನ ತೋರಿದವನ ಪುಡಿಯಲ್ಲಿ ಎರಡೇ ಪಾಲು ಸೀರಿಯಮ್ಮಿದ್ದರೂ ನಂದಿಕೆಯು ಕಾಣಿಸಿಕೊಳ್ಳುವುದು ಇದರಿಂದಲೇ.

ಪುಡಿಯು ಮಂಕಾದಾಗ ಅದು ಸಾರತೆಯ ನಂದಿಕೆಯೇ ಅಥವಾ ಬೇರೊಂದು ದೋಷವೇ ಎಂದು ಬಗೆಹರಿಸುವುದು ಹೇಗೆ? ಬೆಳಕಿನ ತೀವ್ರತೆಯನ್ನಷ್ಟೇ ಅಳೆದು ತೀರ್ಪು ಕೊಡಲಾಗದು. ಸೀರಿಯಂ ಹೆಚ್ಚಿದಂತೆ ಪುಡಿಯು ಹೀರುವ ನೀಲಿಯೂ ಹೆಚ್ಚುತ್ತದೆ. ಹೀರಿದುದರಲ್ಲಿ ಮರಳಿ ಬರುವ ಪಾಲು ಮಾತ್ರ ಕುಗ್ಗುತ್ತದೆ. ಏರುವ ಒಂದು ಗೆರೆಯೂ ಇಳಿಯುವ ಒಂದು ಗೆರೆಯೂ ಕೂಡಿ ಆದ ಶಿಖರವು ಎಲ್ಲಿದೆಯೆಂದು ನೋಡಿ ನಂದಿಕೆಯು ಅಲ್ಲಿಂದಲೇ ಮೊದಲಾಯಿತೆಂದರೆ ಅದು ತಪ್ಪು, ಅದು ಬಹಳ ಮೊದಲೇ ಒಳಗೊಳಗೆ ಆರಂಭವಾಗಿರಬಹುದು. ನಂಬತಕ್ಕ ಸಾಕ್ಷಿಯೆಂದರೆ ಬೆಳಕಿನ ಬಾಳು. ಒಂದು ನ್ಯಾನೊಸೆಕೆಂಡಿಗೂ ಕಡಮೆಯ ನೀಲಿಯ ಮಿಂಚನ್ನು ಪುಡಿಗೆ ತಾಗಿಸಿ, ಆಮೇಲೆ ಹಳದಿಯು ಹೇಗೆ ಆರಿಹೋಗುತ್ತದೆಂಬುದನ್ನು ಲಾಗರಿದಮ್ ಕಾಗದದ ಮೇಲೆ ಗುರುತಿಸುತ್ತಾರೆ. ಅಯಾನುಗಳು ಒಂಟಿಯಾಗಿದ್ದರೆ ಬಿಂದುಗಳೆಲ್ಲ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ, ಇಳಿಜಾರು 65 ನ್ಯಾನೊಸೆಕೆಂಡನ್ನು ಹೇಳುತ್ತದೆ. ನಂದಿಕೆಯಿದ್ದರೆ ರೇಖೆಯು ಆರಂಭದಲ್ಲೇ ಕಡಿದಾಗಿ ಬಾಗುತ್ತದೆ, ಏಕೆಂದರೆ ಬಾವಿಯ ಬಳಿಯ ಅಯಾನುಗಳು ಬೇಗ ಆರುತ್ತವೆ, ದೂರದವು ತಮ್ಮ ಪೂರ್ಣಾಯುಷ್ಯವನ್ನು ಬಾಳುತ್ತವೆ. ಪುಡಿಯು ಮಂಕಾಗಿದ್ದೂ ರೇಖೆಯು ನೆಟ್ಟಗಿದ್ದರೆ ದೋಷವನ್ನು ಕುಲುಮೆಯಲ್ಲಿ ಹುಡುಕಬೇಕು: ಹೈಡ್ರೊಜನ್ ಸಾಲದೆ ನಾಲ್ಕರ ಸೀರಿಯಂ ಉಳಿದಿರಬಹುದು, ಅದು ಬರಿದೇ ಬೆಳಕನ್ನು ಹೀರುತ್ತ ಕುಳಿತಿರಬಹುದು.

ಹಾಗೆಂದು ಎಲ್ಲ ತಯಾರಕರೂ ಸೀರಿಯಮ್ಮನ್ನು ಆದಷ್ಟು ಕಡಮೆ ಮಾಡುತ್ತಾರೆಂದು ತಿಳಿಯಬಾರದು. ಪ್ರಮಾಣವು ಏರಿದಂತೆ ಹೊಮ್ಮುವ ಹಳದಿಯು ಕೆಂಪಿನ ಕಡೆಗೆ ಸರಿಯುತ್ತದೆ. ಅಲೆದಾಡುವ ಶಕ್ತಿಯು ಕಡೆಗೆ ತಂಗುವುದು ಕೆಳಮಟ್ಟದಲ್ಲಿರುವ ಅಯಾನುಗಳಲ್ಲಿ, ಜೊತೆಗೆ ಹೊಮ್ಮಿದ ಬೆಳಕಿನ ಹಸುರಿನ ಅಂಚನ್ನು ನೆರೆಯ ಸೀರಿಯಮ್ಮುಗಳೇ ಮತ್ತೆ ಹೀರುತ್ತವೆ. ಆ ಬೆಚ್ಚನೆಯ ಛಾಯೆಗೆ ಆಸೆಪಟ್ಟವನು ಬೆಲೆಯನ್ನು ತಾಪದಲ್ಲಿ ತೆರಬೇಕಾಗುತ್ತದೆ. ಉರಿಯುತ್ತಿರುವ ಚಿಪ್ಪಿನ ಮೇಲೆ ಪುಡಿಯು 100 ಡಿಗ್ರಿಗೂ ಮೀರಿ ಕಾಯುವುದುಂಟು. ವಿರಳವಾಗಿ ಸೀರಿಯಂ ಬೆರೆತ ಗಾರ್ನೆಟ್ ಅದಕ್ಕೆ ಅಳುಕುವುದಿಲ್ಲ. ದಟ್ಟವಾಗಿ ಬೆರೆತುದರಲ್ಲಿ ಕಾವು ಏರಿದಂತೆ ವರ್ಣಪಟಲಗಳು ಅಗಲವಾಗಿ ಒಂದರ ಮೇಲೊಂದು ಹೆಚ್ಚು ಒರಗುವುದರಿಂದ ಅಲೆದಾಟವು ಬಿರುಸಾಗಿ ಬೆಳಕು ಬೇಗ ಕುಗ್ಗುತ್ತದೆ.

ನಂದಿಕೆಯು ಎಲ್ಲೆಡೆಯೂ ಕೇಡೇ ಅಲ್ಲ. ಟರ್ಬಿಯಂ ಎಂಬ ಇನ್ನೊಂದು ವಿರಳ ಭಸ್ಮ ಧಾತುವಿನ ಅಯಾನಿಗೆ ಎರಡು ಅಂತಸ್ತುಗಳಿವೆ. ಮೇಲಿನದರಿಂದ ಧುಮುಕಿದರೆ ನೀಲಿ, ಕೆಳಗಿನದರಿಂದ ಧುಮುಕಿದರೆ 545 ನ್ಯಾನೊಮೀಟರಿನ ಹಸುರು. ಟರ್ಬಿಯಂ ವಿರಳವಾಗಿರುವಲ್ಲಿ ಎರಡೂ ಕಾಣುತ್ತವೆ. ದಟ್ಟವಾದಲ್ಲಿ, ಮೇಲಂತಸ್ತಿನ ಅಯಾನು ತನ್ನ ಎರಡು ಅಂತಸ್ತುಗಳ ನಡುವಣ ಅಂತರವನ್ನು ಮಾತ್ರ ನೆಲಮಟ್ಟದಲ್ಲಿರುವ ನೆರೆಯವನಿಗೆ ದಾಟಿಸಿ ತಾನು ಕೆಳಗಿನ ಅಂತಸ್ತಿಗೆ ಇಳಿಯುತ್ತದೆ, ಏಕೆಂದರೆ ನೆರೆಯವನ ನೆಲಮಟ್ಟದ ಮೆಟ್ಟಿಲುಗಳ ಎತ್ತರವೂ ಹೆಚ್ಚುಕಡಮೆ ಅಷ್ಟೇ. ನೀಲಿಯು ನಂದುತ್ತದೆ, ಹಸುರು ಬಲಿಯುತ್ತದೆ. ಟ್ಯೂಬ್‌ಲೈಟುಗಳಲ್ಲಿ ಹಸುರನ್ನು ಕೊಡುತ್ತಿದ್ದ ಲ್ಯಾಂಥನಂ ಫಾಸ್ಫೇಟಿನ ಪುಡಿಯಲ್ಲಿ ಟರ್ಬಿಯಮ್ಮನ್ನು ಧಾರಾಳವಾಗಿ ಹಾಕಲು ಇದೂ ಒಂದು ಕಾರಣ. ಅಲ್ಲಿ ನೇರಳಾತೀತ ಕಿರಣವನ್ನು ಹೀರಿ ಟರ್ಬಿಯಮ್ಮಿಗೆ ಉಣಿಸುತ್ತಿದ್ದುದು ಸೀರಿಯಮ್ಮೇ.

ಈ ಉಣಿಸುವ ಕೆಲಸವನ್ನು ಎಲ್‌ಇಡಿಗೆ ಬೇಕಾದ ಕೆಂಪಿಗಾಗಿ ಮಾಡಿಸಬಾರದೇಕೆ? ನೀಲಿ ಚಿಪ್ಪೂ ಹಳದಿ ಪುಡಿಯೂ ಕೂಡಿದ ಬೆಳಕಿನಲ್ಲಿ ಕೆಂಪು ಸಾಲದು; ಅದರ ಕೆಳಗೆ ಅರಿಸಿನವು ಚೆನ್ನಾಗಿಯೇ ಕಾಣುತ್ತದೆ, ಕುಂಕುಮವು ಕಳೆಗುಂದುತ್ತದೆ. ಮೂರು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಯುರೋಪಿಯಂ 611 ನ್ಯಾನೊಮೀಟರಿನ ಬಳಿ ಚೊಕ್ಕವಾದ ಕೆಂಪನ್ನು ಕೊಡುತ್ತದೆಯಾದರೂ ನೀಲಿಯನ್ನು ಹೀರುವುದರಲ್ಲಿ ಬಲು ದುರ್ಬಲ. ಸೀರಿಯಂ ಹೀರಿ ಯುರೋಪಿಯಮ್ಮಿಗೆ ದಾಟಿಸಲೆಂದು ಎರಡನ್ನೂ ಒಂದೇ ಸ್ಫಟಿಕದಲ್ಲಿ ಕೂರಿಸಿದವರಿಗೆ ದೊರೆತುದು ಬರಿಯ ಕತ್ತಲೆ. ಸೀರಿಯಮ್ಮಿಗೆ ಇಲೆಕ್ಟ್ರಾನನ್ನು ಬಿಟ್ಟುಕೊಡುವ ಚಪಲ, ಯುರೋಪಿಯಮ್ಮಿಗೆ ಅದನ್ನು ಸೆಳೆದುಕೊಳ್ಳುವ ಚಪಲ. ಎರಡೂ ಅಕ್ಕಪಕ್ಕದಲ್ಲಿದ್ದರೆ ಶಕ್ತಿಯ ಬದಲು ಇಲೆಕ್ಟ್ರಾನೇ ಅತ್ತಣಿಂದ ಇತ್ತ ಜಿಗಿದು, ಬೆಳಕಿಲ್ಲದೆ ಹಿಂದಿರುಗುತ್ತದೆ. ಆದುದರಿಂದ ಅವುಗಳನ್ನು ದೂರವಿರಿಸಿ ನಡುವೆ ಟರ್ಬಿಯಮ್ಮಿನ ಸೇತುವೆಯನ್ನು ಕಟ್ಟುತ್ತಾರೆ: ಸೀರಿಯಂ ಟರ್ಬಿಯಮ್ಮಿಗೆ ಕೊಡುತ್ತದೆ, ಟರ್ಬಿಯಮ್ಮಿನಿಂದ ಟರ್ಬಿಯಮ್ಮಿಗೆ ಶಕ್ತಿಯು ಅಲೆಯುತ್ತ ಸಾಗುತ್ತದೆ, ಕೊನೆಯಲ್ಲಿ ಯುರೋಪಿಯಂ ಅದನ್ನು ಹಿಡಿದುಕೊಳ್ಳುತ್ತದೆ. ಯುರೋಪಿಯಮ್ಮಿನ ಅಂತಸ್ತು ಟರ್ಬಿಯಮ್ಮಿನದಕ್ಕಿಂತ ಕೆಳಗಿರುವುದರಿಂದ ಹಿಡಿದುದು ಮರಳಿ ಹೋಗದು. ಹಳದಿಯ ಪುಡಿಯಲ್ಲಿ ಶಾಪವಾಗಿದ್ದ ಅಲೆದಾಟವೇ ಇಲ್ಲಿ ದಾರಿಯಾಗಬೇಕಾದ ಕಾರಣ, ಟರ್ಬಿಯಂ ಚಿಟಿಕೆಯಷ್ಟಿದ್ದರೆ ಸಾಲದು. ಸ್ಫಟಿಕದ ವಿರಳ ಭಸ್ಮ ಪೀಠಗಳ ಬಹುಭಾಗವನ್ನು ಅದೇ ತುಂಬಿದ್ದರೆ ಮಾತ್ರ ಸರಪಳಿಯು ತುಂಡಾಗದೆ ಉಳಿಯುತ್ತದೆ, ಸೀರಿಯಂ ಯುರೋಪಿಯಮ್ಮುಗಳೆರಡೂ ಕೆಲವೇ ಇರಬೇಕು.

ಈ ಸೇತುವೆಯು ಗಾರ್ನೆಟ್ಟಿನಲ್ಲಿ ನಿಲ್ಲುವುದಿಲ್ಲ. ಗಾರ್ನೆಟ್ಟಿನ ಆಕ್ಸಿಜನ್ನುಗಳು ಸೀರಿಯಮ್ಮಿನ ಮೇಲಂತಸ್ತನ್ನು ಎಷ್ಟು ಕೆಳಕ್ಕೆ ಒತ್ತಿವೆಯೆಂದರೆ ಅದು ಟರ್ಬಿಯಮ್ಮಿನದಕ್ಕಿಂತಲೂ ಕೆಳಗಿದೆ. ಅಲ್ಲಿ ಶಕ್ತಿಯು ಟರ್ಬಿಯಮ್ಮಿನಿಂದ ಸೀರಿಯಮ್ಮಿಗೆ ಇಳಿಯುತ್ತದಲ್ಲದೆ ಸೀರಿಯಮ್ಮಿನಿಂದ ಟರ್ಬಿಯಮ್ಮಿಗೆ ಸುಲಭವಾಗಿ ಏರದು. ಸೇತುವೆಯು ನಿಲ್ಲುವ ಬೋರೇಟು, ಸಿಲಿಕೇಟು, ಫಾಸ್ಫೇಟುಗಳಲ್ಲಾದರೋ ಸೀರಿಯಂ ಸಾಮಾನ್ಯವಾಗಿ ಹೀರುವುದು ನೇರಳಾತೀತವನ್ನು ಇಲ್ಲವೆ ಅದರ ಅಂಚಿನ ನೇರಳೆಯನ್ನು, 450ರ ನೀಲಿಯನ್ನಲ್ಲ. ಅದಕಾರಣ ಇಂದಿನ ಬಲ್ಬುಗಳಿಗೆ ಕೆಂಪನ್ನು ತಂದುಕೊಡುವ ವಸ್ತುಗಳಲ್ಲಿ ಮುಖ್ಯವಾದುದು ಎರಡೇ ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಬೇರೊಂದು ಬಗೆಯ ಯುರೋಪಿಯಂ. ಅದನ್ನು ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಸಿಲಿಕಾನುಗಳ ನೈಟ್ರೈಡಿನಲ್ಲಿ ಕೂರಿಸಿದಾಗ ನೀಲಿಯನ್ನು ತಾನೇ ಹೀರಿ 650 ನ್ಯಾನೊಮೀಟರಿನ ಆಸುಪಾಸಿನಲ್ಲಿ ಬೆಳಗುತ್ತದೆ. ನೀಲಿಯೊಡನೆ ಅದು ಸೀರಿಯಂ ಹೊಮ್ಮಿಸಿದ ಹಸುರು ಹಳದಿಗಳ ಒಂದು ಪಾಲನ್ನೂ ಹೀರಿಬಿಡುತ್ತದೆ. ಈ ಸಲ ದಾಟುವುದು ನಿಜವಾದ ಫೋಟಾನೇ, ಒಂದು ಕಣದಿಂದ ಇನ್ನೊಂದು ಕಣಕ್ಕೆ. ಬೆಚ್ಚನೆಯ ಬಿಳುಪಿನ ಬಲ್ಬೊಂದನ್ನು ಬಿಚ್ಚಿ ನೋಡಿದರೆ ಚಿಪ್ಪಿನ ಮೇಲಣ ಬೊಟ್ಟು ನಿಂಬೆಯ ಹಳದಿಯಾಗಿರದೆ ಮಾಗಿದ ಕಿತ್ತಳೆಯ ಬಣ್ಣದ್ದಾಗಿ ಕಾಣುವುದು ಆ ಎರಡನೆಯ ಪುಡಿಯಿಂದ.